ದಿನಕ್ಕೆ ಒಂದೇ ಜಿಬಿ, ದಾರಿಯಲ್ಲಿ ಘಾಟಿ: ಆನ್‌ಲೈನ್ ಗೇಮ್ ತಿನ್ನುವ ಡೇಟಾ ಕಡಿಮೆ ಮಾಡುವುದು ಹೇಗೆ

ಶಿವಮೊಗ್ಗ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಸಣ್ಣ ಮೊಬೈಲ್ ಅಂಗಡಿ ಇದೆ. ರೀಚಾರ್ಜ್, ಚಾರ್ಜರ್, ಸ್ಕ್ರೀನ್ ಗಾರ್ಡ್, ಸಣ್ಣಪುಟ್ಟ ರಿಪೇರಿ. ವಾರಕ್ಕೆ ನಾಲ್ಕೈದು ಹುಡುಗರು ಒಂದೇ ದೂರು ಹಿಡಿದುಕೊಂಡು ಬರುತ್ತಾರೆ: "ಗ್ರಾಫಿಕ್ಸ್ ಪೂರ್ತಿ ಇಳಿಸಿದ್ದೀನಿ ಅಣ್ಣಾ, ಆದ್ರೂ ಮಧ್ಯಾಹ್ನಕ್ಕೇ ಡೇಟಾ ಖಾಲಿ."

ತಪ್ಪು ಅಲ್ಲೇ ಇದೆ. ಗ್ರಾಫಿಕ್ಸ್ ಇಳಿಸಿದರೆ ಫೋನ್ ಬಿಸಿಯಾಗುವುದು ಕಡಿಮೆಯಾಗುತ್ತದೆ, ಬ್ಯಾಟರಿ ಸ್ವಲ್ಪ ಹೆಚ್ಚು ಹೊತ್ತು ಬರುತ್ತದೆ. ಮ್ಯಾಚ್ ಆಡುವಾಗ ಹೋಗುವ ಡೇಟಾ ಮಾತ್ರ ಇದ್ದಷ್ಟೇ ಇರುತ್ತದೆ. ಮರ, ಗುಡ್ಡ, ಮನೆ, ಗನ್ನು ಎಲ್ಲದರ ಚಿತ್ರವೂ ನಿಮ್ಮ ಫೋನಿನಲ್ಲಿ ಮೊದಲೇ ಇದೆ. ಸರ್ವರ್‌ನಿಂದ ಬರುವುದು ಯಾರು ಎಲ್ಲಿದ್ದಾರೆ, ಯಾರು ಗುಂಡು ಹೊಡೆದರು ಅನ್ನೋ ಸುದ್ದಿ ಅಷ್ಟೆ. ಇಬ್ಬರು ಫೋನಿನಲ್ಲಿ ಚೌಕಾಬಾರ ಆಡಿದ ಹಾಗೆ. ಮಣೆ ಇಬ್ಬರ ಮನೆಯಲ್ಲೂ ಇದೆ, "ನನಗೆ ನಾಲ್ಕು ಬಿತ್ತು" ಅಂತ ಹೇಳಿದರೆ ಸಾಕು. ಮಣೆಗೆ ಎಷ್ಟು ಬಣ್ಣ ಬಳಿದಿದ್ದೀರಿ ಅನ್ನುವುದಕ್ಕೆ ಫೋನ್ ಬಿಲ್ ಏರುವುದಿಲ್ಲ.

ಹಾಗಾದರೆ ಡೇಟಾ ಎಲ್ಲಿ ಹೋಗುತ್ತದೆ? ಆಟದ ಸುತ್ತಮುತ್ತ ನಡೆಯುವ ವ್ಯವಹಾರಕ್ಕೆ. ಹೊಸ ಮ್ಯಾಪ್ ಡೌನ್‌ಲೋಡ್, ಅಪ್‌ಡೇಟ್, ವಿಡಿಯೋ ಜಾಹೀರಾತು, ಹಿಂದೆ ಸದ್ದಿಲ್ಲದೆ ಓಡುವ ಬೇರೆ ಆ್ಯಪ್‌ಗಳು. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ. ಎರಡನೆಯದನ್ನು ಬಿಟ್ಟು ಐದನೆಯದಕ್ಕೆ ಹಾರಿದರೆ ಹತ್ತು ಎಂಬಿ ಉಳಿಸಿ ಐನೂರು ಕಳೆದುಕೊಳ್ಳುತ್ತೀರಿ.

ಒಂದು ಮಾತು. ಕ್ಲೌಡ್ ಗೇಮಿಂಗ್ ಈ ಲೆಕ್ಕಕ್ಕೆ ಸೇರುವುದಿಲ್ಲ. ಅಲ್ಲಿ ಆಟ ಓಡುವುದು ದೂರದ ಕಂಪ್ಯೂಟರಿನಲ್ಲಿ, ನಿಮಗೆ ಬರುವುದು ಅದರ ವಿಡಿಯೋ. 15 ಎಂಬಿಪಿಎಸ್ ವೇಗದಲ್ಲಿ ಓಡಿದರೆ ಗಂಟೆಗೆ 6 ಜಿಬಿ ದಾಟುತ್ತದೆ. ಸಣ್ಣ ಪ್ಯಾಕ್ ಇರುವವರು ಅದರ ತಂಟೆಗೆ ಹೋಗಬೇಡಿ.

## ಶುರು ಮಾಡುವ ಮೊದಲು

ಬೇಕಾದದ್ದು ಜಾಸ್ತಿ ಏನಿಲ್ಲ. ಒಂದು ರಾತ್ರಿಯ ಮಟ್ಟಿಗೆ ಎಲ್ಲಾದರೂ ವೈಫೈ. ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ ಪೇಟೆಯಲ್ಲಿರುವ ಚಿಕ್ಕಪ್ಪನ ಮನೆಯದ್ದೋ, ಹಾಸ್ಟೆಲಿನದ್ದೋ ಆದೀತು. ಫೋನಿನಲ್ಲಿ ಮೂರ್ನಾಲ್ಕು ಜಿಬಿ ಖಾಲಿ ಜಾಗ. ಒಂದು ಚೀಟಿ, ಪೆನ್ನು. ಡೇಟಾ ಉಳಿಸುವ ಆ್ಯಪ್ ಅಂತ ಏನನ್ನೂ ಹಾಕಿಕೊಳ್ಳಬೇಡಿ, ಯಾಕೆ ಅಂತ ಐದನೇ ಹಂತದಲ್ಲಿ ಹೇಳುತ್ತೇನೆ.

ಮೆನು ಹೆಸರುಗಳನ್ನು ಆಂಡ್ರಾಯ್ಡ್ ಪರದೆಯಲ್ಲಿ ಕಾಣುವ ಹಾಗೇ ಬರೆದಿದ್ದೇನೆ. ಕಂಪನಿಯಿಂದ ಕಂಪನಿಗೆ ಒಂದೆರಡು ಪದ ಆಚೀಚೆ ಆಗಬಹುದು. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಮೇಲಿರುವ ಹುಡುಕುವ ಜಾಗದಲ್ಲಿ data usage ಅಂತ ಟೈಪ್ ಮಾಡಿ.

## ಹಂತ 1: ಕಳ್ಳ ಯಾರು ಅಂತ ಮೊದಲು ನೋಡಿ

Settings → Network & internet → ನಿಮ್ಮ ಸಿಮ್ → App data usage ಇಲ್ಲಿಗೆ ಹೋಗಿ. ಯಾವ ಆ್ಯಪ್ ಎಷ್ಟು ತಿಂದಿದೆ ಅನ್ನುವುದು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಇರುತ್ತದೆ. ಒಂದು ಆ್ಯಪ್ ಒತ್ತಿದರೆ Foreground, Background ಅಂತ ಎರಡು ಸಂಖ್ಯೆ ಕಾಣುತ್ತವೆ. ಮೊದಲನೆಯದು ಆ್ಯಪ್ ಪರದೆಯ ಮೇಲೆ ಇದ್ದಾಗಿನ ಖರ್ಚು, ಎರಡನೆಯದು ನೀವು ನೋಡದೇ ಇದ್ದಾಗಿನದ್ದು.

ಹೆಚ್ಚಿನ ಫೋನ್‌ಗಳು ಇಲ್ಲಿ ತಿಂಗಳ ಲೆಕ್ಕ ತೋರಿಸುತ್ತವೆ. ಅದಕ್ಕೇ ಚೀಟಿ ಬೇಕು ಅಂದದ್ದು. ಮ್ಯಾಚಿಗೆ ಮುಂಚೆ ಆಟದ ಸಂಖ್ಯೆ ಬರೆದುಕೊಳ್ಳಿ. ಒಂದು ಮ್ಯಾಚ್ ಆಡಿ, ಐದು ನಿಮಿಷ ಬಿಟ್ಟು ಮತ್ತೆ ನೋಡಿ. ವ್ಯತ್ಯಾಸವೇ ಆ ಮ್ಯಾಚಿನ ಖರ್ಚು. ತಕ್ಷಣ ನೋಡಿದರೆ ಸಂಖ್ಯೆ ಬದಲಾಗಿರುವುದಿಲ್ಲ, ಸುಮ್ನೆ ಗೊಂದಲ ಆಗುತ್ತದೆ.

ನನ್ನ ಫೋನಿನಲ್ಲಿ ಬಿಜಿಎಂಐ ಥರದ ಶೂಟಿಂಗ್ ಆಟದ ಅರ್ಧ ಗಂಟೆಯ ಮ್ಯಾಚಿಗೆ 15ರಿಂದ 20 ಎಂಬಿ ಹೋಗುತ್ತದೆ. ಚೆಸ್, ಲೂಡೋ ಥರದ್ದಕ್ಕೆ ಜಾಹೀರಾತು ಬಿಟ್ಟರೆ ಒಂದೆರಡು ಎಂಬಿ ಸಾಕು. ನಿಮ್ಮ ಮ್ಯಾಚಿಗೆ 100 ಎಂಬಿ ಹೋಗಿದ್ದರೆ ಅದು ಆಟದ ಖರ್ಚಲ್ಲ, ಆಟದ ಒಳಗೆ ಏನೋ ಡೌನ್‌ಲೋಡ್ ಆಗುತ್ತಿದೆ ಅಂತ ತಿಳಿಯಿರಿ.

ಒಂದು ನಿಜವಾದ ಲೆಕ್ಕ ನೋಡಿ. ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗ ಉಡುಪಿಯಲ್ಲಿ ಓದುತ್ತಾನೆ. ದಿನಕ್ಕೆ 1 ಜಿಬಿ ಪ್ಯಾಕ್. ಶಿವಮೊಗ್ಗದಲ್ಲಿ ಬಸ್ ಹತ್ತಿದವನಿಗೆ ಆಗುಂಬೆ ಬರುವಷ್ಟರಲ್ಲಿ ಡೇಟಾ ಮುಗಿದಿತ್ತು. ಮುಂದಿನ ವಾರ ಬಂದು, "ಎರಡೇ ಮ್ಯಾಚ್ ಆಡಿದ್ದು ಅಣ್ಣಾ, ಆಣೆಗೂ" ಅಂದ. ಅವನ ಫೋನಿನಲ್ಲಿ ದಿನದ ಲೆಕ್ಕವೂ ಸಿಗುತ್ತಿತ್ತು, ತೆಗೆದು ನೋಡಿದೆವು. ಶೂಟಿಂಗ್ ಆಟ 560 ಎಂಬಿ, ಪ್ಲೇ ಸ್ಟೋರ್ 210, ವಾಟ್ಸ್ಯಾಪ್ 130, ಲೂಡೋ 70, ಉಳಿದ ಚಿಲ್ಲರೆ ಎಲ್ಲ ಸೇರಿ 54.

ಹುಡುಗ ಸುಳ್ಳು ಹೇಳಿರಲಿಲ್ಲ. ಎರಡು ಮ್ಯಾಚಿಗೆ 40 ಎಂಬಿ ಹಿಡಿದರೂ ಶೂಟಿಂಗ್ ಆಟದಲ್ಲಿ 520 ಎಂಬಿ ಉಳಿಯುತ್ತದೆ. ಆಟ ತೆರೆದ ಕೂಡಲೇ ಹೊಸ ಈವೆಂಟ್ ಮ್ಯಾಪ್ ಬೇಕಾ ಅಂತ ಒಂದು ಕಿಟಕಿ ಬಂದಿತ್ತಂತೆ. ಓದದೆ OK ಒತ್ತಿದ್ದ. ಆ ಒಂದು ಒತ್ತಿಗೆ ಅರ್ಧ ದಿನದ ಡೇಟಾ ಹೋಯಿತು.

## ಹಂತ 2: ಹೊರಡುವ ಹಿಂದಿನ ರಾತ್ರಿ ಎಲ್ಲ ತುಂಬಿಸಿಕೊಳ್ಳಿ

ಇದು ಇಡೀ ಕೆಲಸದಲ್ಲಿ ಮುಖ್ಯವಾದದ್ದು. ಜನ ಅರ್ಧ ಮಾಡಿ ಬಿಡುವುದೂ ಇದನ್ನೇ. ಪ್ಲೇ ಸ್ಟೋರಿನಲ್ಲಿ ಆಟ ಅಪ್‌ಡೇಟ್ ಮಾಡಿದರೆ ಮುಗಿಯಿತು ಅಂದುಕೊಳ್ಳುತ್ತಾರೆ. ದೊಡ್ಡ ಆಟಗಳಲ್ಲಿ ಅಪ್‌ಡೇಟ್ ಎರಡು ಕಡೆಯಿಂದ ಬರುತ್ತದೆ. ಪ್ಲೇ ಸ್ಟೋರಿನಿಂದ ಒಂದು ಕಂತು. ಆಮೇಲೆ ಆಟ ತೆರೆದಾಗ ಅದರದ್ದೇ ಸರ್ವರಿನಿಂದ ಇನ್ನೊಂದು ಕಂತು. ಎರಡನೇ ಕಂತು ಬಸ್ಸಿನಲ್ಲಿ ಇಳಿಯಲು ಶುರುವಾದರೆ ಕಥೆ ಮುಗಿಯಿತು.

ಆದ್ದರಿಂದ ಹೀಗೆ ಮಾಡಿ. ವೈಫೈಗೆ ಸೇರಿಸಿ, ಮೊದಲು ಮೊಬೈಲ್ ಡೇಟಾ ಆಫ್ ಮಾಡಿ. ವೈಫೈ ನಡುವೆ ಕೈಕೊಟ್ಟರೆ ಫೋನ್ ತಾನಾಗಿ ಸಿಮ್ಮಿಗೆ ಹಾರಿಬಿಡುತ್ತದೆ, ಅದಕ್ಕೆ ಈ ಎಚ್ಚರ. ಪ್ಲೇ ಸ್ಟೋರಿನಲ್ಲಿ ನೀವು ಆಡುವ ಆಟಗಳನ್ನು ಅಪ್‌ಡೇಟ್ ಮಾಡಿ. ಆಮೇಲೆ ಒಂದೊಂದೇ ಆಟ ತೆರೆದು ಲಾಬಿಯವರೆಗೆ, ಅಂದರೆ ಮ್ಯಾಚಿಗೆ ಮುಂಚಿನ ಮುಖಪುಟದವರೆಗೆ ಹೋಗಿ. ಲಾಬಿಯಲ್ಲಿ ಡೌನ್‌ಲೋಡ್ ಅಂತ ಒಂದು ಗುರುತು ಇರುತ್ತದೆ, ಸಾಮಾನ್ಯವಾಗಿ ಕೆಳಮುಖದ ಬಾಣ. ಅದರಲ್ಲಿ ನೀವು ನಿಜವಾಗಿ ಆಡುವ ಒಂದೋ ಎರಡೋ ಮ್ಯಾಪ್ ಮಾತ್ರ ಇಳಿಸಿಕೊಳ್ಳಿ. ಎಚ್‌ಡಿ ಪ್ಯಾಕ್ ಮತ್ತು ಸಾದಾ ಪ್ಯಾಕ್ ಅಂತ ಆಯ್ಕೆ ಕೇಳಿದರೆ ಸಾದಾ ಪ್ಯಾಕ್ ಸಾಕು. ಗ್ರಾಫಿಕ್ಸ್‌ನಿಂದ ಡೇಟಾ ಉಳಿಯುವ ಜಾಗ ಇದೊಂದೇ, ಅದೂ ಡೌನ್‌ಲೋಡಿನಲ್ಲಿ.

ಇಷ್ಟಾದ ಮೇಲೆ ಪ್ರ್ಯಾಕ್ಟೀಸ್ ಮೈದಾನಕ್ಕೆ ಹೋಗಿ ಎರಡು ನಿಮಿಷ ಓಡಾಡಿ. ಎಲ್ಲ ಸರಿಯಾಗಿ ಇಳಿದಿದ್ದರೆ ಸೀದಾ ಒಳಗೆ ಹೋಗುತ್ತದೆ. "ಡೌನ್‌ಲೋಡ್ ಆಗುತ್ತಿದೆ" ಅಂತ ಪಟ್ಟಿ ಕಂಡರೆ ಇನ್ನೂ ಬಾಕಿ ಇದೆ ಅಂತ ಅರ್ಥ. ಕಾಯಿರಿ.

ವೈಫೈಯೇ ಸಿಗದವರಿಗೆ ಇನ್ನೊಂದು ದಾರಿ ಇದೆ. ದಿನದ ಕೋಟಾ ಇರುವ ಹೆಚ್ಚಿನ ಪ್ಯಾಕ್‌ಗಳಲ್ಲಿ ಉಳಿದ ಡೇಟಾ ರಾತ್ರಿ 12ಕ್ಕೆ ಕಳೆದುಹೋಗುತ್ತದೆ, ನಾಳೆಗೆ ಕೂಡುವುದಿಲ್ಲ. ರಾತ್ರಿ ಹತ್ತೂವರೆಗೆ 600 ಎಂಬಿ ಉಳಿದಿದ್ದರೆ ಆಗ ಕೂತು ಇಳಿಸಿಕೊಳ್ಳಿ. ಒಂದು ರಾತ್ರಿ ಆಟದ ಅಪ್‌ಡೇಟ್, ಮರುದಿನ ರಾತ್ರಿ ಮ್ಯಾಪ್. ಹಳ್ಳಿಮನೆಯಲ್ಲಿ ಸಿಗ್ನಲ್ ಹಿಡಿಯಲು ಅಂಗಳಕ್ಕೋ ಗುಡ್ಡಕ್ಕೋ ಹೋಗುವವರು ಇದನ್ನು ಹನ್ನೊಂದೂ ಮುಕ್ಕಾಲಿಗೆ ಶುರು ಮಾಡಬೇಡಿ. 12 ದಾಟಿದರೆ ನಾಳೆಯ ಕೋಟಾದಿಂದ ಕತ್ತರಿಸುತ್ತದೆ.

ಈ ಹಂತದಲ್ಲಿ ಮೂರು ತಪ್ಪು ಪದೇ ಪದೇ ನೋಡುತ್ತೇನೆ. ಒಂದು, ಫೋನ್ ತುಂಬಿದೆ ಅಂತ ಕ್ಲೀನರ್ ಆ್ಯಪ್ ಓಡಿಸುವುದು. ಅದು ಆಟದ ಫೈಲುಗಳನ್ನೂ ಗುಡಿಸಿಹಾಕಬಹುದು. ಎರಡು, ಆಟ ಸಿಕ್ಕಿಕೊಂಡಿತು ಅಂತ Clear storage ಒತ್ತುವುದು. ಇಳಿಸಿದ ಮ್ಯಾಪ್‌ಗಳೆಲ್ಲ ಹೋಗಿ ಮತ್ತೆ ಮೊದಲಿಂದ ಇಳಿಸಬೇಕಾಗುತ್ತದೆ. ಕೆಲವು ಆಟಗಳ ಲಾಗಿನ್ ಪರದೆಯಲ್ಲಿ Repair ಅಂತ ಒಂದು ಗುಂಡಿ ಇರುತ್ತದೆ. ಅದರದ್ದೂ ಅದೇ ಗುಣ, ವೈಫೈ ಇಲ್ಲದಾಗ ಮುಟ್ಟಬೇಡಿ. ಮೂರು, ಜಾಗ ಸಾಲದ ಫೋನಿನಲ್ಲಿ ಡೌನ್‌ಲೋಡ್ ಹಾಕುವುದು. 80 ಪರ್ಸೆಂಟ್ ಆದ ಮೇಲೆ ನಿಂತುಬಿಡುತ್ತದೆ. ಡೇಟಾ ಹೋಯಿತು, ಮ್ಯಾಪೂ ಸಿಗಲಿಲ್ಲ.

## ಹಂತ 3: ಡೌನ್‌ಲೋಡಿನ ಬಾಗಿಲು ಹಾಕಿ

ತುಂಬಿಸಿಕೊಂಡಾಯಿತು. ಇನ್ನು ದಾರಿಯಲ್ಲಿ ಏನೂ ಇಳಿಯದ ಹಾಗೆ ಮಾಡಬೇಕು.

ಪ್ಲೇ ಸ್ಟೋರ್ ತೆರೆದು ಮೇಲಿನ ನಿಮ್ಮ ಫೋಟೋ ಒತ್ತಿ. Settings → Network preferences. ಅಲ್ಲಿ App download preference ಅನ್ನು Over Wi-Fi only ಮಾಡಿ. Auto-update apps ಅನ್ನೂ ಹಾಗೇ ಮಾಡಿ. Auto-play videos ಅನ್ನು ಪೂರ್ತಿ ನಿಲ್ಲಿಸಿ. ಆಟದ ಸೆಟ್ಟಿಂಗ್ಸ್ ಒಳಗೂ ತಾನಾಗಿ ಡೌನ್‌ಲೋಡ್ ಆಗುವ ಆಯ್ಕೆ ಇದ್ದರೆ ಅದನ್ನೂ ಆಫ್ ಮಾಡಿ.

ಆಟದ ಒಳಗೆ ಏಳುವ ಕಿಟಕಿಗಳ ಮೇಲೆ ಮಾತ್ರ ಪ್ಲೇ ಸ್ಟೋರಿನ ಅಧಿಕಾರ ನಡೆಯುವುದಿಲ್ಲ. ಎಂಬಿ ಅಂತ ಸಂಖ್ಯೆ ಕಂಡ ಕಿಟಕಿಗೆ ಯಾವತ್ತೂ OK ಒತ್ತಬೇಡಿ, ಮೂಲೆಯ ಗುಣಿಸು ಗುರುತು ಹುಡುಕಿ ಮುಚ್ಚಿ. ಬೇರೆಯವರ ಹೊಸ ಡ್ರೆಸ್, ಗನ್ನಿನ ಬಣ್ಣ ಕಾಣದೆ ಬರೀ ಸಾದಾ ಗೊಂಬೆ ಕಂಡರೆ ಗಾಬರಿ ಬೇಡ. ಆ ಚಿತ್ರಗಳು ನಿಮ್ಮ ಫೋನಿನಲ್ಲಿ ಇಲ್ಲ, ಅಷ್ಟೆ. ಆಟಕ್ಕೆ ತೊಂದರೆ ಇಲ್ಲ.

ಪ್ರಯಾಣದ ದಿನವೇ ಕಡ್ಡಾಯ ಅಪ್‌ಡೇಟ್ ಬಂದರೆ? ಆ ದಿನ ಆ ಆಟ ಇಲ್ಲ. ಬೇರೆ ಉಪಾಯ ಇಲ್ಲ.

## ಹಂತ 4: ಹಿಂದೆ ಕೂತು ತಿನ್ನುವವರನ್ನು ಎಬ್ಬಿಸಿ

Settings → Network & internet → Data Saver ಆನ್ ಮಾಡಿ. ಪರದೆಯ ಮೇಲಿರುವ ಆಟ ನಡೆಯುತ್ತದೆ, ಹಿಂದಿನ ಆ್ಯಪ್‌ಗಳಿಗೆ ಮೊಬೈಲ್ ಡೇಟಾ ಸಿಗುವುದಿಲ್ಲ. ಐಫೋನಿನಲ್ಲಿ ಮೊಬೈಲ್ ಡೇಟಾ ಪುಟದ ಒಳಗೆ Low Data Mode ಅಂತ ಇದೆ, ಅದೂ ಹೆಚ್ಚುಕಡಿಮೆ ಇದೇ ಕೆಲಸ ಮಾಡುತ್ತದೆ.

ಇದರ ಒಂದು ತೊಂದರೆ ಮೊದಲೇ ಹೇಳಿಬಿಡುತ್ತೇನೆ. ವಾಟ್ಸ್ಯಾಪ್ ಮೆಸೇಜು, ಕರೆ ತಡವಾಗಿ ಬರಬಹುದು. ಮನೆಯವರು "ಎಲ್ಲಿದ್ದೀಯಾ" ಅಂತ ವಾಟ್ಸ್ಯಾಪಿನಲ್ಲೇ ಕೇಳುವವರಾದರೆ ಅದಕ್ಕೊಂದಕ್ಕೆ Unrestricted data ಕೊಡಿ. ಕೊಡುವ ಮುಂಚೆ ವಾಟ್ಸ್ಯಾಪ್ ಒಳಗೆ Settings → Storage and data → When using mobile data ತೆರೆದು ನಾಲ್ಕೂ ಟಿಕ್ ತೆಗೆಯಿರಿ. ಮದುವೆ ಗ್ರೂಪಿನ ವಿಡಿಯೋಗಳು ನಿಮ್ಮ ಮ್ಯಾಚಿಗಿಂತ ಜಾಸ್ತಿ ತಿನ್ನುತ್ತವೆ. ಗೂಗಲ್ ಫೋಟೋಸ್ ಬ್ಯಾಕಪ್ ಸಿಮ್ ಡೇಟಾದಲ್ಲಿ ಹೋಗದ ಹಾಗೂ ನೋಡಿಕೊಳ್ಳಿ. ಜೋಗ ನೋಡಿಕೊಂಡು ಬರುವ ದಿನ ಇದನ್ನು ಮರೆತರೆ, ಜಲಪಾತದ ವಿಡಿಯೋ ಎಲ್ಲ ಸಾಗರ ತಲುಪುವ ಮುಂಚೆಯೇ ಮೇಲೇರಿರುತ್ತದೆ.

ಎರಡು ಸಿಮ್ ಇರುವವರಿಗೆ ಇನ್ನೊಂದು ಕೆಲಸ. ಮಲೆನಾಡಿನಲ್ಲಿ ಪೇಟೆಗೊಂದು, ಊರಿಗೊಂದು ಅಂತ ಎರಡು ಸಿಮ್ ಇಟ್ಟುಕೊಳ್ಳುವುದು ಮಾಮೂಲಿ. ಒಂದರ ಸಿಗ್ನಲ್ ಹೋದಾಗ ಡೇಟಾವನ್ನು ಇನ್ನೊಂದಕ್ಕೆ ತಾನೇ ತಿರುಗಿಸುವ ಆಯ್ಕೆ ಫೋನಿನಲ್ಲಿರುತ್ತದೆ, ಸಿಮ್ ಸೆಟ್ಟಿಂಗ್ಸ್ ಒಳಗೆ. ಅದನ್ನು ಆಫ್ ಮಾಡಿ. ಎರಡನೇ ಸಿಮ್ಮಿಗೆ ಡೇಟಾ ಪ್ಯಾಕ್ ಇಲ್ಲದಿದ್ದರೆ ಅದರ ಬ್ಯಾಲೆನ್ಸೇ ಕರಗಬಹುದು.

## ಹಂತ 5: ಆಟದ ಒಳಗೆ ಉಳಿಸುವುದು

ಇಲ್ಲಿ ಎರಡೇ ವಿಷಯ: ಮೈಕು ಮತ್ತು ಜಾಹೀರಾತು.

ಮಾತಾಡುವುದಕ್ಕೆ ಡೇಟಾ ಬೇಕು. ಒಬ್ಬರು ಬಿಡದೆ ಮಾತಾಡಿದರೆ ಗಂಟೆಗೆ ಸುಮಾರು ಹತ್ತು ಎಂಬಿ ಅಂತ ಇಟ್ಟುಕೊಳ್ಳಿ. ನಾಲ್ವರ ತಂಡದಲ್ಲಿ ಎಲ್ಲರೂ ಒಟ್ಟಿಗೆ ಕೂಗಾಡಿದರೆ ಮಾತಿನ ಖರ್ಚು ಮ್ಯಾಚಿನ ಖರ್ಚಿಗೆ ಹತ್ತಿರ ಬರುತ್ತದೆ. ದಿನಕ್ಕೆ 1 ಜಿಬಿ ಇರುವವರಿಗೆ ಇದು ದೊಡ್ಡದಲ್ಲ. ತಿಂಗಳಿಗೆ 2 ಜಿಬಿ ಇರುವವರಿಗೆ ದೊಡ್ಡದು: 28 ದಿನಕ್ಕೆ ಹಂಚಿದರೆ ದಿನಕ್ಕೆ ಬರುವುದು 73 ಎಂಬಿ ಅಷ್ಟೆ. ಅಂಥವರು ಮೈಕ್ ಮತ್ತು ಸ್ಪೀಕರ್ ಎರಡನ್ನೂ ಆಫ್ ಮಾಡಿ, ಆಟದಲ್ಲೇ ಇರುವ ಸಿದ್ಧ ಮೆಸೇಜುಗಳನ್ನು ಬಳಸಿ. ಮೈಕ್ ಮಾತ್ರ ಆಫ್ ಮಾಡಿದರೆ ಬೇರೆಯವರ ಮಾತು ಬರುತ್ತಲೇ ಇರುತ್ತದೆ. ಕನಿಷ್ಠ All ಬದಲು Team ಆದರೂ ಇಡಿ.

ಜಾಹೀರಾತಿನ ಲೆಕ್ಕ ಬೇರೆ. ಲೂಡೋ, ಕ್ಯಾರಮ್, ಪಜಲ್ ಥರದ ಪುಕ್ಕಟೆ ಆಟಗಳಲ್ಲಿ ಆಟಕ್ಕಿಂತ ಜಾಹೀರಾತೇ ದುಬಾರಿ. ಅರ್ಧ ನಿಮಿಷದ ಒಂದು ವಿಡಿಯೋಕ್ಕೆ ನನ್ನ ಫೋನಿನಲ್ಲಿ ಐದರಿಂದ ಹತ್ತು ಎಂಬಿ ಹೋಗಿದ್ದಿದೆ. ನಾಣ್ಯ ಸಿಗುತ್ತದೆ ಅಂತ ಹತ್ತು ವಿಡಿಯೋ ನೋಡಿದರೆ ಒಂದು ಗಂಟೆಯ ಶೂಟಿಂಗ್ ಆಟಕ್ಕಿಂತ ಜಾಸ್ತಿ ಆಯಿತು. ನೀವು ನೋಡದಿದ್ದರೂ ಮುಂದಿನ ಜಾಹೀರಾತನ್ನು ಆಟ ಮೊದಲೇ ಇಳಿಸಿಟ್ಟುಕೊಂಡಿರುತ್ತದೆ.

ಕಂಪ್ಯೂಟರನ್ನೇ ಎದುರಾಳಿ ಮಾಡಿಕೊಂಡು ಆಡುವುದಾದರೆ ಆಟ ತೆರೆಯುವ ಮುಂಚೆಯೇ ಡೇಟಾ ಆಫ್ ಮಾಡಿ. ಒಬ್ಬರ ಎದುರು ಒಬ್ಬರು ಆನ್‌ಲೈನ್ ಆಡಲೇಬೇಕಾದರೆ Private DNS, ಅಂದರೆ ಫೋನ್ ಸರ್ವರ್‌ಗಳ ವಿಳಾಸ ಎಲ್ಲಿ ಕೇಳಬೇಕು ಅನ್ನುವ ಸೆಟ್ಟಿಂಗ್, ನೆರವಾಗುತ್ತದೆ. Settings → Network & internet → Private DNS ಒಳಗೆ ಹೆಸರು ಕೇಳುವ ಆಯ್ಕೆ ಆರಿಸಿ ಇದನ್ನು ಹಾಕಿ:

```
dns.adguard-dns.com
```

ಬಹಳಷ್ಟು ಜಾಹೀರಾತು ಬರುವುದೇ ನಿಲ್ಲುತ್ತದೆ. ನಾಣ್ಯ ಕೊಡುವ ವಿಡಿಯೋವೂ ನಿಲ್ಲುತ್ತದೆ, ಆಮೇಲೆ ಬೇಜಾರಾಗಬೇಡಿ. ಸ್ಟೇಷನ್, ಲಾಡ್ಜ್‌ಗಳಲ್ಲಿ ಒಟಿಪಿ ಹಾಕಿ ಸೇರುವ ವೈಫೈಯ ಲಾಗಿನ್ ಪುಟ ತೆರೆಯದಿದ್ದರೆ ಇದನ್ನು ತಾತ್ಕಾಲಿಕವಾಗಿ Off ಮಾಡಿ.

ಡೇಟಾ ಉಳಿಸುತ್ತೇವೆ, ಪಿಂಗ್ ಇಳಿಸುತ್ತೇವೆ ಅನ್ನುವ ವಿಪಿಎನ್ ಆ್ಯಪ್‌ಗಳು ಬೇಡ ಅಂದದ್ದು ಇದಕ್ಕೆ: ಆಟದ ಡೇಟಾ ಮೊದಲೇ ಆದಷ್ಟು ಚಿಕ್ಕದಾಗಿ, ಬೀಗ ಹಾಕಿಕೊಂಡು ಬರುತ್ತದೆ. ಅದನ್ನು ಇನ್ನೂ ಹಿಂಡಲು ನಡುವಿನವನಿಗೆ ಆಗುವುದಿಲ್ಲ. ಬದಲಿಗೆ ಪ್ರತಿ ಪೊಟ್ಟಣಕ್ಕೂ ತನ್ನದೊಂದು ಹೊದಿಕೆ ಸುತ್ತುತ್ತಾನೆ. ಖರ್ಚು ಸ್ವಲ್ಪ ಏರುತ್ತದೆ. ಮೇಲಾಗಿ ಆ ಆ್ಯಪೇ ಜಾಹೀರಾತು ತೋರಿಸುತ್ತದೆ.

## ಹಂತ 6: ಹಾಟ್‌ಸ್ಪಾಟ್ ಕೊಡುವ ಮುಂಚೆ

ಇದು ನನ್ನದೇ ಪೆಟ್ಟು. ಒಮ್ಮೆ ತೀರ್ಥಹಳ್ಳಿಗೆ ಹೋಗುವಾಗ ಪಕ್ಕದಲ್ಲಿ ಅಕ್ಕನ ಮಗ. "ಮಾವ, ಒಂದೇ ಮ್ಯಾಚ್, ಹಾಟ್‌ಸ್ಪಾಟ್ ಆನ್ ಮಾಡು" ಅಂದ. ಮಾಡಿದೆ. ಮಂಡಗದ್ದೆ ಬರುವಷ್ಟರಲ್ಲಿ ನನ್ನ ದಿನದ ಒಂದೂವರೆ ಜಿಬಿ ಪೂರ್ತಿ ಖಾಲಿ. ಹುಡುಗ ಆಡಿದ್ದು ಒಂದೇ ಮ್ಯಾಚ್, ಅದು ನಿಜ. ಆದರೆ ಅವನ ಫೋನಿಗೆ ನನ್ನ ಹಾಟ್‌ಸ್ಪಾಟ್ ಕಂಡದ್ದು ವೈಫೈ ಆಗಿ. ವೈಫೈ ಸಿಕ್ಕಿತು ಅಂತ ಖುಷಿಯಲ್ಲಿ ಆಟ ತನ್ನ ಮ್ಯಾಪ್‌ಗಳನ್ನು ಇಳಿಸಿಕೊಂಡಿತು. ಹಂತ 3ರಲ್ಲಿ ಹಾಕಿದ Over Wi-Fi only ಬಾಗಿಲು ಹಾಟ್‌ಸ್ಪಾಟಿನ ಎದುರು ತೆರೆದೇ ಇರಬಹುದು.

ಹಾಟ್‌ಸ್ಪಾಟಿಗೆ ಸೇರಿದ ಫೋನಿನಲ್ಲಿ ವೈಫೈ ಹೆಸರಿನ ಪಕ್ಕದ ಗೇರ್ ಗುರುತು ಒತ್ತಿ, Network usage → Treat as metered ಮಾಡಿ. ಇದು ಲೆಕ್ಕದ ಡೇಟಾ, ಪುಕ್ಕಟೆ ವೈಫೈ ಅಲ್ಲ ಅಂತ ಫೋನಿಗೆ ಹೇಳಿದ ಹಾಗೆ. ಎರಡೂ ಆಂಡ್ರಾಯ್ಡ್ ಆದರೆ ಫೋನ್ ಇದನ್ನು ಎಷ್ಟೋ ಸಲ ತಾನೇ ಗುರುತಿಸುತ್ತದೆ, ಆದರೆ ನಂಬಿ ಕೂರಬೇಡಿ. ಪ್ಲೇ ಸ್ಟೋರ್ ಈ ಮಾತು ಕೇಳುತ್ತದೆ. ಕೆಲವು ಆಟಗಳು ವೈಫೈ ಇದೆಯೋ ಇಲ್ಲವೋ ಅಂತಷ್ಟೇ ನೋಡುತ್ತವೆ. ಅದಕ್ಕೇ ಆಟದ ಒಳಗಿನ ಡೌನ್‌ಲೋಡನ್ನೂ ಆಫ್ ಮಾಡಿ ಅಂದದ್ದು. ಲ್ಯಾಪ್‌ಟಾಪಿಗೆ ಕೊಡುವುದಾದರೆ ವಿಂಡೋಸ್‌ನಲ್ಲಿ Metered connection ಆನ್ ಮಾಡದೆ ಕೊಡಲೇಬೇಡಿ.

## ಹಂತ 7: ಬಸ್ ಹತ್ತಿದ ಮೇಲೆ

ಆಟವನ್ನು ಒಮ್ಮೆ ತೆರೆದರೆ ತೆರೆದೇ ಇಡಿ. ಪ್ರತಿ ಸಲ ಲಾಗಿನ್ ಆದಾಗಲೂ ಲಾಬಿಯ ಬ್ಯಾನರು, ಈವೆಂಟಿನ ಚಿತ್ರ, ಪ್ರಕಟಣೆ ಅಂತ ಒಂದಿಷ್ಟು ಬರುತ್ತದೆ. ಹತ್ತು ಸಲ ಮುಚ್ಚಿ ತೆರೆದರೆ ಹತ್ತು ಸಲದ ಖರ್ಚು. ಲಾಬಿಯಲ್ಲಿ ಸುಮ್ನೆ ಕೂತು ಅಂಗಡಿ, ಈವೆಂಟ್ ಪುಟ ತಿರುವಿ ಹಾಕುವ ಅಭ್ಯಾಸ ಬಿಡಿ. ಮ್ಯಾಚಿಗಿಂತ ಲಾಬಿಯಲ್ಲಿ ಹೆಚ್ಚು ಡೇಟಾ ಕಳೆದವರನ್ನು ಕಂಡಿದ್ದೇನೆ.

ದಾರಿ ನೋಡಿ ಮ್ಯಾಚ್ ಶುರು ಮಾಡಿ. ಗಾಜನೂರು ದಾಟಿ ಕಾಡು ಶುರುವಾದ ಮೇಲೆ ಸಿಗ್ನಲ್ ಬಂದು ಹೋಗಿ ಮಾಡುತ್ತದೆ. ಆಗುಂಬೆ, ಹುಲಿಕಲ್ ಘಾಟಿಗಳಲ್ಲಂತೂ ಕೇಳುವುದೇ ಬೇಡ. ಸಿಗ್ನಲ್ ಕಡಿದರೆ ಕಳೆದುಹೋದದ್ದನ್ನು ಮತ್ತೆ ಕಳಿಸಬೇಕು, ಆಟ ಮತ್ತೆ ಸೇರಿಕೊಳ್ಳಬೇಕು. ಅದಕ್ಕೆ ಹೋಗುವ ಡೇಟಾ ಸಣ್ಣದೇ. ಕೆಟ್ಟದ್ದು ಏನಂದರೆ, ನೀವು ತಾಳ್ಮೆ ಕಳೆದುಕೊಂಡು ಆಟ ಮುಚ್ಚಿ ತೆರೆಯಲು ಶುರು ಮಾಡುತ್ತೀರಿ. ಬ್ಯಾಟರಿಯೂ ಸಿಗ್ನಲ್ ಹುಡುಕಿಯೇ ಸೋಲುತ್ತದೆ. ಘಾಟಿ ಇನ್ನು ಅರ್ಧ ಗಂಟೆ ಇದೆ ಅನ್ನುವಾಗ ಹೊಸ ಮ್ಯಾಚ್ ಹಿಡಿಯಬೇಡಿ. ಡೇಟಾ ಆಫ್ ಮಾಡಿ ಕಿಟಕಿ ಆಚೆ ನೋಡಿ, ಮಳೆಗಾಲವಾದರೆ ಅದೇ ಚೆಂದ.

ಅನ್‌ಲಿಮಿಟೆಡ್ 5ಜಿ ಇರುವವರು ಒಂದು ಗಮನಿಸಿ. ಅದು 5ಜಿ ಸಿಗುವಲ್ಲಿ ಮಾತ್ರ. ಪೇಟೆ ಬಿಟ್ಟು ಫೋನ್ 4ಜಿಗೆ ಇಳಿದ ಕೂಡಲೇ ಖರ್ಚು ದಿನದ ಕೋಟಾದಿಂದ ಶುರು. ಮೇಲಿನ ಗುರುತಿನಲ್ಲಿ 5G ಹೋಗಿ 4G ಬಂತಾ ಅಂತ ಕಣ್ಣಿಟ್ಟಿರಿ.

ರೈಲಿನಲ್ಲಿ ಹೋಗುವವರಿಗೆ ಸ್ಟೇಷನ್ನಿನಲ್ಲಿ ರೈಲ್‌ವೈರ್ ವೈಫೈ ಸಿಕ್ಕರೆ ಮೊದಲ ಅರ್ಧ ಗಂಟೆ ಪುಕ್ಕಟೆ, ವೇಗ 1 ಎಂಬಿಪಿಎಸ್. ಪೂರ್ತಿ ಬಳಸಿದರೂ 225 ಎಂಬಿ ಆದೀತು. ಸಣ್ಣ ಅಪ್‌ಡೇಟಿಗೆ ಸಾಕು, ದೊಡ್ಡ ಮ್ಯಾಪಿಗೆ ಕೈಹಾಕಬೇಡಿ. ಅರ್ಧದಲ್ಲಿ ರೈಲು ಹೊರಡುತ್ತದೆ.

ಆ ಉಡುಪಿಯ ಹುಡುಗ ಇಷ್ಟನ್ನೂ ಮಾಡಿಕೊಂಡು ಅದೇ ದಾರಿಯಲ್ಲಿ ಹೋದ. ಈ ಸಲ ಮೂರು ಮ್ಯಾಚ್ ಆಡಿದ್ದ. ಶೂಟಿಂಗ್ ಆಟ ಲಾಬಿಯೂ ಸೇರಿ 66 ಎಂಬಿ, ಪ್ಲೇ ಸ್ಟೋರ್ 2, ವಾಟ್ಸ್ಯಾಪ್ 24, ಲೂಡೋ 18, ಉಳಿದದ್ದು 31. ಒಟ್ಟು 141. ಲೂಡೋದ 18ರಲ್ಲಿ ಬಹುಪಾಲು ಜಾಹೀರಾತೇ. "ನಾಣ್ಯ ಬೇಕಿತ್ತು ಅಣ್ಣಾ" ಅಂತ ಫೋಟೋ ಕಳಿಸಿದ್ದ, ಪಕ್ಕದಲ್ಲಿ ನಗುವ ಮುಖ.

## ತಿಂಗಳ ಪ್ಯಾಕ್ ಇರುವವರಿಗೆ ಮಾತ್ರ

28 ದಿನಕ್ಕೆ ಒಟ್ಟು 2 ಜಿಬಿ ಥರದ ಪ್ಯಾಕ್ ಇದ್ದರೆ ಫೋನಿನಲ್ಲೇ ಮಿತಿ ಹಾಕಿ. Data warning & limit ಒಳಗೆ ತಿಂಗಳ ಲೆಕ್ಕ ಶುರುವಾಗುವ ದಿನವನ್ನು ನಿಮ್ಮ ರೀಚಾರ್ಜ್ ದಿನಕ್ಕೆ ಬದಲಿಸಿ. Set data limit ಆನ್ ಮಾಡಿ 1.8 ಜಿಬಿ ಕೊಡಿ. ಪೂರ್ತಿ 2 ಕೊಡಬೇಡಿ, ಫೋನಿನ ಲೆಕ್ಕಕ್ಕೂ ಕಂಪನಿಯ ಲೆಕ್ಕಕ್ಕೂ ಸ್ವಲ್ಪ ವ್ಯತ್ಯಾಸ ಇರುತ್ತದೆ. ಪ್ಯಾಕ್ 28 ದಿನ, ಫೋನಿನ ತಿಂಗಳು ಸಾಮಾನ್ಯವಾಗಿ 30 ಇಲ್ಲವೇ 31 ದಿನ. ಹಾಗಾಗಿ ಪ್ರತಿ ರೀಚಾರ್ಜಿಗೂ ಆ ದಿನವನ್ನು ಬದಲಿಸಬೇಕು. ದಿನದ ಕೋಟಾ ಇರುವವರಿಗೆ ಈ ಮಿತಿಯಿಂದ ಪ್ರಯೋಜನ ಇಲ್ಲ.

## ಅಷ್ಟಾದರೂ ಕೋಟಾ ಮುಗಿದರೆ

ದಿನದ ಕೋಟಾ ಮುಗಿದ ಮೇಲೆ ಹೆಚ್ಚಿನ ಪ್ಯಾಕ್‌ಗಳಲ್ಲಿ ನೆಟ್ ನಿಲ್ಲುವುದಿಲ್ಲ, ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಕೆಲವದರಲ್ಲಿ 40. ಗುರುತು ಹೀಗೆ: 4ಜಿ ಕಡ್ಡಿ ಪೂರ್ತಿ ಇದೆ, ವಾಟ್ಸ್ಯಾಪಿನಲ್ಲಿ ಬರಹ ಹೋಗುತ್ತದೆ, ಫೋಟೋ ಹೋಗುವುದಿಲ್ಲ. ಕಡ್ಡಿಯೇ ಇಲ್ಲದಿದ್ದರೆ ಅದು ಸಿಗ್ನಲ್ ತೊಂದರೆ, ಕೋಟಾದ್ದಲ್ಲ.

64 ಕೆಬಿಪಿಎಸ್ ಅಂದರೆ ಸೆಕೆಂಡಿಗೆ 8 ಕೆಬಿ. ಗಂಟೆಗೆ 40 ಎಂಬಿ ತಿನ್ನುವ ಶೂಟಿಂಗ್ ಆಟಕ್ಕೆ ಸೆಕೆಂಡಿಗೆ 11 ಕೆಬಿಯಾದರೂ ಬೇಕು. ಹಾಗಾಗಿ ಆಟ ತೆರೆದರೂ ಆಡಲು ಬರುವುದಿಲ್ಲ, ಎದುರಿನವನು ಹಾರಿ ಹಾರಿ ಬರುತ್ತಾನೆ, ನೀವು ಸತ್ತ ಮೇಲೆ ಗುಂಡಿನ ಸದ್ದು ಕೇಳುತ್ತದೆ. ರ‍್ಯಾಂಕ್ ಹಾಳು ಮಾಡಿಕೊಳ್ಳಬೇಡಿ. ಚೆಸ್ ನಡೆಯುತ್ತದೆ, ಒಂದು ನಡೆಗೆ ಬೇಕಾದ ಡೇಟಾ ಅಷ್ಟು ಕಡಿಮೆ.

ಟಾಪ್‌ಅಪ್ ಹಾಕಿಸುವುದಾದರೆ ವ್ಯಾಲಿಡಿಟಿ ಓದಿ ಹಾಕಿಸಿ. ಕೆಲವು ಡೇಟಾ ಪ್ಯಾಕ್ ಅದೇ ದಿನಕ್ಕೆ ಮುಗಿಯುತ್ತವೆ, ಕೆಲವು ಮೂಲ ಪ್ಯಾಕ್ ಇರುವವರೆಗೆ ಬರುತ್ತವೆ. ರಾತ್ರಿ ಒಂಬತ್ತಕ್ಕೆ ಘಾಟಿ ಇಳಿಯುತ್ತಾ ಒಂದು ದಿನದ್ದು ಹಾಕಿಸಿದರೆ ಸಿಗ್ನಲ್ ಸಿಗುವಷ್ಟರಲ್ಲಿ ಅದರ ಆಯುಸ್ಸು ಮುಗಿಯುತ್ತಾ ಬಂದಿರುತ್ತದೆ. 12ಕ್ಕೆ ಹೊಸ ಕೋಟಾ ಹೇಗೂ ಬರುತ್ತದೆ. 12 ದಾಟಿ ಹತ್ತು ನಿಮಿಷವಾದರೂ ವೇಗ ಏರದಿದ್ದರೆ ಏರೋಪ್ಲೇನ್ ಮೋಡ್ ಒಮ್ಮೆ ಆನ್ ಮಾಡಿ, ಹತ್ತು ಸೆಕೆಂಡ್ ಬಿಟ್ಟು ಆಫ್ ಮಾಡಿ.